ಹಾಸು ಹೊಕ್ಕು ಕೆಡದಂತೆ

ಅಂಗಡಿಯಲ್ಲಿ ಸೀರೆ ಕೊಳ್ಳುವವರು ಅದರ ಸೆರಗನ್ನು ಬೆರಳುಗಳ ನಡುವೆ ಹಿಡಿದು ನೋಡುತ್ತಾರೆ. ನೂಲು ನಯವೋ ಒರಟೋ, ನೇಯ್ಗೆ ಬಿಗಿಯೋ ಸಡಿಲವೋ ಎಂಬುದು ಆ ಸ್ಪರ್ಶದಿಂದಲೇ ತಿಳಿಯುತ್ತದೆ. ಸಚಿತ್ರವಾದ ಮಾರಾಟದ ಪಟ್ಟಿಯನ್ನು, ಎಂದರೆ ಕ್ಯಾಟಲಾಗನ್ನು, ನೋಡಿ ಕೊಳ್ಳುವವರಿಗೆ ಈ ಅನುಕೂಲವಿಲ್ಲ. ಬೆರಳು ಮಾಡುವ ಕೆಲಸವನ್ನು ಅಲ್ಲಿ ಕಣ್ಣೇ ಮಾಡಬೇಕು. ಆದುದರಿಂದ ಛಾಯಾಚಿತ್ರದಲ್ಲಿ ಸಿಕ್ಕಿಕೊಂಡ ಬೆಲೆಚೀಟಿ, ಹ್ಯಾಂಗರು, ಲೇಬಲ್ಲುಗಳನ್ನು ಅಳಿಸುವಾಗ ನೇಯ್ಗೆ ಕೆಡದಂತೆ ನೋಡಿಕೊಳ್ಳುವುದು ಅಗತ್ಯ. ನೇಯ್ಗೆ ಅಳಿಸಿದ ಜಾಗವು ತೇಪೆಯಂತೆ ಕಾಣುತ್ತದೆ; ನೋಡುವವರು ಬಟ್ಟೆಯೇ ಕೆಟ್ಟಿದೆ ಎಂದು ಭಾವಿಸುತ್ತಾರೆ.

ಹ್ಯಾಂಗರಿಗೆ ತೂಗುಹಾಕಿದ ಚೌಕುಳಿಯ ಇಳಕಲ್ ಸೀರೆಯೊಂದರ ಚಿತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರಲ್ಲಿ ಹಾಸಿನ ನೂಲುಗಳು ಮೇಲಿನಿಂದ ಕೆಳಕ್ಕೂ ಹೊಕ್ಕಿನ ನೂಲುಗಳು ಅಡ್ಡಲಾಗಿಯೂ ಸಾಗಿವೆ. ಕಂಪ್ಯೂಟರಿನ ಪರದೆಯ ಮೇಲಿನ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಬಿಂದುಗಳಿಂದಾದುದು. ನಮ್ಮ ಚಿತ್ರದಲ್ಲಿ ಒಂದು ಚೌಕುಳಿ 60 ಪಿಕ್ಸೆಲ್ ಅಗಲ, 60 ಪಿಕ್ಸೆಲ್ ಎತ್ತರ ಇದೆಯೆನ್ನೋಣ. ಬೆಲೆಚೀಟಿಯ ಎತ್ತರ 140 ಪಿಕ್ಸೆಲ್. ಅದರ ಕೆಳಗೆ ಬಿದ್ದ ನೆರಳು ಇನ್ನೂ 20. ನೆರಳನ್ನು ಉಳಿಸಿ ಚೀಟಿಯನ್ನು ಮಾತ್ರ ಅಳಿಸಿದರೆ ಕಾರಣವಿಲ್ಲದ ಕಪ್ಪು ಗೆರೆಯೊಂದು ಉಳಿಯುತ್ತದೆ. ಆದ್ದರಿಂದ ತುಂಬಬೇಕಾದ ಎತ್ತರ 160 ಪಿಕ್ಸೆಲ್.

ಈ ಕೆಲಸಕ್ಕೆ ಉಚಿತವಾಗಿ ದೊರೆಯುವ ಗಿಂಪ್ ಎಂಬ ತಂತ್ರಾಂಶದಲ್ಲಿ ಕ್ಲೋನ್ ಎಂಬ ಸಾಧನವಿದೆ. ಚಿತ್ರದ ಒಂದು ಕಡೆಯ ಬಟ್ಟೆಯನ್ನು ಇದ್ದಂತೆಯೇ ಮತ್ತೊಂದು ಕಡೆಗೆ ಬಳಿಯುವುದು ಅದರ ಕೆಲಸ. ಆದರೆ ಯಾವ ಕಡೆಯಿಂದ ತರಬೇಕು? ತೂಗುವ ಸೀರೆಯ ಮಡಿಕೆಗಳು ನೆಟ್ಟಗೆ ಕೆಳಕ್ಕಿಳಿಯುತ್ತವೆ. ಪಕ್ಕಕ್ಕೆ ಸರಿದರೆ ಮಡಿಕೆಯ ಬೆಳಕಿನ ಬೆನ್ನಿನಿಂದ ನೆರಳಿನ ತಗ್ಗಿಗೆ ಹೋಗುತ್ತೇವೆ, ಬಣ್ಣ ಹೊಂದುವುದಿಲ್ಲ. ಮೇಲಕ್ಕೆ ಅಥವಾ ಕೆಳಕ್ಕೆ ಹೋದರೆ ಅದೇ ಮಡಿಕೆಯ ಅದೇ ಬೆಳಕು ದೊರೆಯುತ್ತದೆ. ಆದ್ದರಿಂದ ಮೇಲಿನಿಂದಲೇ ತರಬೇಕು.

ಎಷ್ಟು ಮೇಲಿನಿಂದ? 160ಕ್ಕಿಂತ ಕಡಿಮೆ ದೂರವಾದರೆ ಚೀಟಿಯ ತುಣುಕೇ ಮರಳಿ ಬರುತ್ತದೆ. 160 ದಾಟಿದ ಮೇಲೂ ಎಲ್ಲ ದೂರವೂ ಸಲ್ಲದು. ಚೌಕುಳಿಯ ಪೂರ್ಣ ಗುಣಕವಾದ 180, ಎಂದರೆ ಮೂರು ಚೌಕುಳಿಗಳಷ್ಟು ದೂರ, ನಮಗೆ ಬೇಕಾದುದು. 190 ಆಯಿತೆಂದರೆ ಅಡ್ಡಗೆರೆಗಳು 10 ಪಿಕ್ಸೆಲ್ ಜಾರಿ ಮುರಿದಂತೆ ಕಾಣುತ್ತವೆ. ಇದನ್ನು ಲೆಕ್ಕ ಹಾಕುತ್ತ ಕೂರಬೇಕಾಗಿಲ್ಲ. ಚೀಟಿಯ ಅಂಚಿನ ಹೊರಗೆ ಕಾಣುವ ಒಂದು ಚೌಕುಳಿಯ ಮೂಲೆಯನ್ನು ಗುರುತಿಸಿ, ಅದರಿಂದ ಮೂರು ಚೌಕುಳಿ ಮೇಲಿರುವ ಮೂಲೆಯ ಮೇಲೆ `Ctrl` ಒತ್ತಿ ಗುಂಡಿ ಅದುಮಬೇಕು. ಸಾಧನದ ಆಯ್ಕೆಗಳಲ್ಲಿ `Aligned` ಎಂಬುದನ್ನು ಆರಿಸಿಕೊಂಡು, ಕೆಳಗಿನ ಮೂಲೆಯಿಂದ ಬಳಿಯಲು ತೊಡಗಿದರೆ ಆ ದೂರ ಕೊನೆಯವರೆಗೂ ಬದಲಾಗದೆ ಉಳಿಯುತ್ತದೆ. ಸೀರೆ ಸ್ವಲ್ಪ ಓರೆಯಾಗಿ ತೂಗುತ್ತಿದ್ದರೂ ಮೂಲೆಗೆ ಮೂಲೆ ಹೊಂದಿಸಿರುವುದರಿಂದ ಆ ಓರೆಯೂ ಲೆಕ್ಕಕ್ಕೆ ಬಂದಂತಾಯಿತು.

ಕುಂಚದ ಅಂಚು ಹೆಚ್ಚು ಮೃದುವಾಗಿರಬಾರದು. ಮೃದುವಾದ ಅಂಚಿನಲ್ಲಿ ಹಳೆಯ ನೂಲೂ ಹೊಸ ನೂಲೂ ಬೆರೆತು ಮಸುಕಾಗುತ್ತವೆ. ಹೀಲ್ ಎಂಬ ಇನ್ನೊಂದು ಸಾಧನವಿದೆ. ಅದು ತಂದ ನೇಯ್ಗೆಗೆ ಸುತ್ತಲಿನ ಬಣ್ಣವನ್ನು ಹೊಂದಿಸುತ್ತದೆ. ಬಿಳಿಯ ಚೀಟಿ ಇನ್ನೂ ಇರುವಾಗ ಅದನ್ನು ಬಳಸಿದರೆ ಆ ಬಿಳುಪೇ ಬಟ್ಟೆಗೆ ಹರಿದು ಬರುತ್ತದೆ. ಆದ್ದರಿಂದ ಮೊದಲು ಕ್ಲೋನ್, ಉಳಿದ ಬಣ್ಣದ ವ್ಯತ್ಯಾಸಕ್ಕೆ ಆಮೇಲೆ ಹೀಲ್. ಹ್ಯಾಂಗರಿನ ಕೊಕ್ಕೆಗೂ ಇದೇ ಕ್ರಮ ಸಲ್ಲುತ್ತದೆ: ಬರಿಯ ಗೋಡೆಯ ಮೇಲಿನ ಭಾಗವನ್ನು ಹೀಲ್ ಸುಲಭವಾಗಿ ಮುಚ್ಚುತ್ತದೆ, ಬಟ್ಟೆಗೆ ತಾಗುವ ಕಡೆ ಕ್ಲೋನ್ ಬೇಕು.

ಕೆಲಸ ಸರಿಯಾಯಿತೇ ಎಂದು ತಿಳಿಯಲು ಚಿತ್ರವನ್ನು ಪೂರ್ಣ ಗಾತ್ರದಲ್ಲಿ ನೋಡಿ ಗೆರೆಗಳನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಅನಂತರ ಕಾಲು ಭಾಗಕ್ಕೆ ಕಿರಿದುಗೊಳಿಸಿ ನೋಡಬೇಕು. ಮಸುಕಾದ ಜಾಗವಿದ್ದರೆ ಆಗ ಎದ್ದು ಕಾಣುತ್ತದೆ. ಕೈಮಗ್ಗದ ಬಟ್ಟೆಯಲ್ಲಿ ಅಲ್ಲಲ್ಲಿ ನೂಲಿನ ಗಂಟುಗಳಿರುತ್ತವೆ. ಒಂದೇ ಗಂಟು ಮೂರು ಚೌಕುಳಿಗಳ ಅಂತರದಲ್ಲಿ ಎರಡು ಸಲ ಕಂಡರೆ ನಕಲು ಬಯಲಾಯಿತು. ಅಂಥದನ್ನು ಬೇರೆ ಚೌಕುಳಿಯಿಂದ ತಂದ ನೇಯ್ಗೆಯಿಂದ ಮುಚ್ಚಬೇಕು.

ಈ ಉಪಾಯಕ್ಕೊಂದು ಎಲ್ಲೆಯಿದೆ. ಚೌಕುಳಿ ಮರುಕಳಿಸುವುದರಿಂದಲೇ ಮರೆಯಾದುದನ್ನು ನಾವು ಊಹಿಸಬಲ್ಲೆವು. ಬೆಲೆಚೀಟಿ ಸೆರಗಿನಲ್ಲಿ ಒಮ್ಮೆ ಮಾತ್ರ ಬರುವ ವಿನ್ಯಾಸವನ್ನು ಮುಚ್ಚಿದ್ದರೆ ಅದನ್ನು ತರಲು ಬೇರೆ ಜಾಗವಿಲ್ಲ. ಚೀಟಿ ತೆಗೆದು ಹೊಸದಾಗಿ ಚಿತ್ರ ತೆಗೆಯುವುದೇ ದಾರಿ. ಬಟ್ಟೆಯಲ್ಲಿರುವ ಎಳೆ ತಪ್ಪಿದ ಜಾಗವನ್ನಾಗಲಿ ಕಲೆಯನ್ನಾಗಲಿ ಇದೇ ಸಾಧನದಿಂದ ಅಳಿಸಲೂಬಾರದು. ಚೀಟಿ ಸೀರೆಯ ಭಾಗವಲ್ಲ. ಎಳೆ ತಪ್ಪಿದ ಜಾಗ ಸೀರೆಯದೇ. ಕೊಳ್ಳುವವರ ಮನೆಗೆ ಅದು ಸೀರೆಯೊಡನೆಯೇ ಹೋಗುತ್ತದೆ.