ನೂರಕ್ಕೆ ಎಷ್ಟು ಅಂದರೆ ಸಾಲದು, ಎಷ್ಟು ದಿನಕ್ಕೆ ಅಂತಲೂ ಕೇಳಿ

ಕಳೆದ ವಾರ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಮ್ಯೂಚುವಲ್ ಫಂಡ್ ಆ್ಯಪ್‌ನ ಎರಡು ಸ್ಕ್ರೀನ್‌ಶಾಟ್ ಬಂದವು. ಒಂದು ಚಿಂತಾಮಣಿಯ ಅಕ್ಕನದು, ಇನ್ನೊಂದು ಗೌರಿಬಿದನೂರಿನ ಚಿಕ್ಕಪ್ಪನ ಮಗನದು. ಅಕ್ಕನಿಗೆ ಅನುಮಾನ, ಅವನಿಗೆ ಆಸೆ. ಎರಡಕ್ಕೂ ಕಾರಣ XIRR ಅನ್ನುವ ವಾರ್ಷಿಕ ಆದಾಯದ ಸಂಖ್ಯೆ.

ಅಕ್ಕ ತಿಂಗಳಿಗೆ 5,000 ರೂಪಾಯಿಯಂತೆ ಹನ್ನೆರಡು ಕಂತು ಎಸ್‌ಐಪಿ ಕಟ್ಟಿದ್ದಾಳೆ. ಹಾಕಿದ ಹಣ 60,000, ಈಗಿನ ಬೆಲೆ 64,047. ಒಟ್ಟು ಆದಾಯ 6.74%, ವಾರ್ಷಿಕ ಆದಾಯ ಸುಮಾರು 12.7%. "ಒಂದು ವರ್ಷಕ್ಕೆ ಸಿಕ್ಕಿದ್ದು ನಾಲ್ಕು ಸಾವಿರ ಚಿಲ್ಲರೆ. ಇದು ಹನ್ನೆರಡು ಪರ್ಸೆಂಟ್ ಹೆಂಗಾಗುತ್ತೋ? ಸುಳ್ಳು ತೋರಿಸ್ತಿದಾರಾ?" ಅಂತ ಕೇಳಿದಳು.

ಸುಳ್ಳಲ್ಲ. ಅರವತ್ತು ಸಾವಿರವೂ ವರ್ಷಪೂರ್ತಿ ಅಲ್ಲಿರಲಿಲ್ಲ. ಮೊದಲ ಕಂತು ಹನ್ನೆರಡು ತಿಂಗಳು ದುಡಿದಿದೆ, ಕೊನೆಯದು ಒಂದೇ ತಿಂಗಳು. ಸರಾಸರಿ ಹಿಡಿದರೆ ಆಕೆಯ ಹಣ ದುಡಿದದ್ದು ಆರೂವರೆ ತಿಂಗಳು. ಅಷ್ಟರಲ್ಲಿ 6.74% ಬಂದಿದೆ ಅಂದರೆ ವರ್ಷದ ಲೆಕ್ಕಕ್ಕೆ ಹೆಚ್ಚುಕಡಿಮೆ ಎರಡರಷ್ಟು. XIRR ಪ್ರತಿ ಕಂತನ್ನೂ ಅದರ ತಾರೀಖಿನಿಂದಲೇ ಎಣಿಸುತ್ತದೆ, ಒಟ್ಟು ಆದಾಯದ ಲೆಕ್ಕದಲ್ಲಿ ತಾರೀಖೇ ಇಲ್ಲ. ಹಾಗಾಗಿ ಬ್ಯಾಂಕ್ ಠೇವಣಿಯ ಬಡ್ಡಿ ಜತೆ ಹೋಲಿಸಬೇಕಾದದ್ದು 12.7ನ್ನು. ಆದರೆ ಠೇವಣಿಯ ಬಡ್ಡಿ ಮೊದಲೇ ಗೊತ್ತಿರುತ್ತೆ, ಇದು ಬರೀ ಇವತ್ತಿನವರೆಗಿನ ಲೆಕ್ಕ. ನಾಳೆ ಮಾರುಕಟ್ಟೆ ಬಿದ್ದರೆ ಇದೂ ಇಳಿಯುತ್ತೆ.

ತಮ್ಮನ ಕತೆಯೇ ಬೇರೆ. ಒಂದು ತಿಂಗಳ ಹಿಂದೆ ಒಟ್ಟಿಗೆ ಹಾಕಿದ 10,000 ರೂಪಾಯಿ 10,300 ಆಗಿದೆ. ಒಟ್ಟು ಆದಾಯ 3%. ಪಕ್ಕದಲ್ಲೇ ವಾರ್ಷಿಕ ಆದಾಯ 42%ಕ್ಕೂ ಮೇಲೆ! "ಕೈಸಾಲ ತಂದು ಇನ್ನೊಂದು ಲಕ್ಷ ಹಾಕ್ಲಾ?" ಅಂತ ಕೇಳ್ತಿದ್ದ.

ನಾನಿರೋದು ಶಿಡ್ಲಘಟ್ಟದಲ್ಲಿ. ಇಲ್ಲಿ ಗೂಡು ಕೊಳ್ಳೋಕೆ ಕೈಸಾಲ ಮಾಡುವವರಿಗೆ "ನೂರಕ್ಕೆ ಎರಡು" ಅಂದರೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂತ ಬಿಡಿಸಿ ಹೇಳಬೇಕಿಲ್ಲ. ವರ್ಷಕ್ಕೆ ಅದು ಇಪ್ಪತ್ತನಾಲ್ಕು. ತಮ್ಮ ಹೋಲಿಸ್ತಿದ್ದದ್ದು ಈ ಇಪ್ಪತ್ತನಾಲ್ಕನ್ನು ಆ ನಲವತ್ತೆರಡಕ್ಕೆ. ಆದರೆ ಬಡ್ಡಿ ಪ್ರತಿ ತಿಂಗಳೂ ತಪ್ಪದೆ ಕಟ್ಟಲೇಬೇಕಾದ ಹಣ. ನಲವತ್ತೆರಡು ಬಂದಿರುವ ಹಣವಲ್ಲ. ಇದೇ 3% ಸತತವಾಗಿ ಹನ್ನೆರಡು ತಿಂಗಳು ಬಂದು, ಲಾಭದ ಮೇಲೂ ಲಾಭ ಸೇರಿದರೆ ಎಷ್ಟಾದೀತು ಅನ್ನುವ ಊಹೆ ಅದು. ಅವನ ಲೆಕ್ಕದಲ್ಲಿರೋದು 300 ರೂಪಾಯಿ ಮಾತ್ರ. ಮುಂದಿನ ತಿಂಗಳು ಫಂಡ್ 3% ಇಳಿದರೆ ಅದೂ ಇರಲ್ಲ, XIRR ಸೊನ್ನೆಗಿಂತ ಕೆಳಗೆ ಹೋಗುತ್ತೆ. ಸಾಲದ ಬಡ್ಡಿ ಮಾತ್ರ ಹಾಗೇ ಇರುತ್ತೆ.

ಅದಕ್ಕೇ ಇಂಥ ಸ್ಕ್ರೀನ್‌ಶಾಟ್ ಬಂದಾಗ ನಾನು ಮೊದಲು ಕೇಳೋದು ಹಣ ಹಾಕಿದ ತಾರೀಖು. ಸ್ಕ್ರೀನ್‌ಶಾಟಿನಲ್ಲಿ ಇಲ್ಲದೇ ಇರೋದು ಸಾಮಾನ್ಯವಾಗಿ ಅದೊಂದೇ. ವರ್ಷ ತುಂಬದಿದ್ದರೆ ವಾರ್ಷಿಕ ಆದಾಯವನ್ನು ಬದಿಗಿಟ್ಟು, ಈಗಿನ ಬೆಲೆಯಿಂದ ಹಾಕಿದ ಹಣ ಕಳೆದು ಎಷ್ಟು ರೂಪಾಯಿ ಅಂತ ನೋಡ್ತೀನಿ. ಅಷ್ಟೂ ಕೈಗೆ ಬರುತ್ತೆ ಅಂತಲೂ ಅಲ್ಲ. ಮಾರುವಾಗ ತೆರಿಗೆ, ಕೆಲವು ಫಂಡ್‌ಗಳಲ್ಲಿ ಬೇಗ ಹೊರಬಂದದ್ದಕ್ಕೆ ಶುಲ್ಕ ಕಳೆಯುವುದು ಬಾಕಿ ಇರುತ್ತೆ.

ಅಕ್ಕ ಎಸ್‌ಐಪಿ ಮುಂದುವರಿಸಿದ್ದಾಳೆ. ತಮ್ಮ ಸದ್ಯಕ್ಕೆ ಸಾಲದ ಮಾತು ಬಿಟ್ಟಿದ್ದಾನೆ.