ಚದರಡಿಗೆ ಐವತ್ತು ಪೈಸೆ: ಮೇಂಟೆನೆನ್ಸ್ ನೋಟಿಸಿನ ಹಿಂದಿನ ಲೆಕ್ಕ

ಮಾರ್ಚ್ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಲಿಫ್ಟಿನ ಪಕ್ಕದ ಫಲಕದಲ್ಲಿ ಒಂದು ಹಾಳೆ ಕಾಣಿಸಿಕೊಳ್ಳುತ್ತದೆ. "ಏಪ್ರಿಲ್ 1ರಿಂದ ನಿರ್ವಹಣಾ ಶುಲ್ಕ ಚದರಡಿಗೆ 3 ರೂಪಾಯಿ 40 ಪೈಸೆಯಿಂದ 3 ರೂಪಾಯಿ 90 ಪೈಸೆಗೆ ಏರಲಿದೆ. ವೆಚ್ಚಗಳು ಹೆಚ್ಚಿರುವುದರಿಂದ ಈ ಪರಿಷ್ಕರಣೆ ಅನಿವಾರ್ಯ. ಎಲ್ಲರೂ ಸಹಕರಿಸಬೇಕಾಗಿ ವಿನಂತಿ." ಕೆಳಗೆ ಕಾರ್ಯದರ್ಶಿಯ ಸಹಿ, ಅಸೋಸಿಯೇಷನ್ನಿನ ಮೊಹರು. ಯಾವ ವೆಚ್ಚ ಎಷ್ಟು ಹೆಚ್ಚಿತು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಜಗಳ ಹುಟ್ಟುವುದು ಅಲ್ಲಿಂದಲೇ.

ಈ ಐವತ್ತು ಪೈಸೆ ಎಲ್ಲಿಂದ ಬರುತ್ತದೆಂದು ತಿಳಿಯಲು ಒಂದು ಮಾದರಿ ಸಮುಚ್ಚಯವನ್ನು ಇಟ್ಟುಕೊಳ್ಳೋಣ. 120 ಮನೆಗಳು, ಸರಾಸರಿ 1,200 ಚದರಡಿ, ಒಟ್ಟು 1,44,000 ಚದರಡಿ. ಸರಾಸರಿ ಮನೆಯವರು ಈಗ ತಿಂಗಳಿಗೆ 4,080 ರೂಪಾಯಿ ಕೊಡುತ್ತಿದ್ದಾರೆ. ಇನ್ನು 4,680 ಕೊಡಬೇಕು. ವ್ಯತ್ಯಾಸ 600.

ಇಂಥ ಕಡೆ ಖರ್ಚಿನ ದೊಡ್ಡ ಪಾಲು ಜನರ ಸಂಬಳಕ್ಕೆ ಹೋಗುತ್ತದೆ. ಗೇಟಿನಲ್ಲಿ ಕಾಣುವುದು ಒಬ್ಬನೇ ಸೆಕ್ಯೂರಿಟಿ. ಆದರೆ ಆ ಒಂದು ಕುರ್ಚಿ ಹಗಲು ರಾತ್ರಿ ಖಾಲಿ ಬೀಳಬಾರದು ಎಂದರೆ ವಾರಕ್ಕೆ 168 ಗಂಟೆ ಕಾವಲು ಬೇಕು. ದಿನಕ್ಕೆ ಎಂಟು ಗಂಟೆ, ವಾರಕ್ಕೊಂದು ರಜೆ ಎಂದು ಹಿಡಿದರೆ ಒಬ್ಬರಿಂದ ಸಿಗುವುದು 48 ಗಂಟೆ. ಅಂದರೆ ಒಂದು ಕುರ್ಚಿಗೆ ಮೂರೂವರೆ ಜನರ ಸಂಬಳ. ಮೂರು ಕಡೆ ಕಾವಲು, ಒಬ್ಬ ಮೇಲ್ವಿಚಾರಕ ಎಂದರೆ ಹನ್ನೆರಡು ಜನ ಆದರು. ಹೌಸ್‌ಕೀಪಿಂಗ್‌ಗೆ ಎಂಟು ಜನ, ಪ್ಲಂಬರ್, ಎಲೆಕ್ಟ್ರಿಷಿಯನ್, ಕೊಳಚೆ ನೀರು ಶುದ್ಧೀಕರಣ ಘಟಕ ನೋಡಿಕೊಳ್ಳುವವರು ಸೇರಿ ನಾಲ್ವರು. ಒಟ್ಟು 24.

ಕರ್ನಾಟಕದಲ್ಲಿ ಕನಿಷ್ಠ ವೇತನದ ಜತೆಗಿರುವ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ನೋಟಿಸುಗಳು ಮಾರ್ಚ್‌ನಲ್ಲಿ ಬರುವುದಕ್ಕೆ ಹೊಸ ಹಣಕಾಸು ವರ್ಷದ ಜತೆಗೆ ಇದೂ ಒಂದು ಕಾರಣ. ಶುಲ್ಕವನ್ನು ಕಳೆದ ಸಲ ಪರಿಷ್ಕರಿಸಿದ ಮೇಲೆ ಒಬ್ಬೊಬ್ಬರ ಸಂಬಳ ತಲಾ ಸಾವಿರ ರೂಪಾಯಿ ಏರಿದೆ ಎಂದುಕೊಳ್ಳಿ. ಏಜೆನ್ಸಿ ಕಳಿಸುವ ಬಿಲ್ಲಿನಲ್ಲಿ ಅದು ಸಾವಿರವಾಗಿಯೇ ಇರುವುದಿಲ್ಲ. ಸಂಬಳ 15,000 ದಾಟಿರದಿದ್ದರೆ ಭವಿಷ್ಯನಿಧಿಗೆ ಮಾಲೀಕರ ಪಾಲು ಮತ್ತು ಅದರ ಆಡಳಿತ ವೆಚ್ಚ ಸೇರಿ ಸುಮಾರು 13 ಶೇಕಡ, ಇಎಸ್‌ಐಗೆ 3.25 ಶೇಕಡ, ಬೋನಸ್ಸಿಗೆ 8.33 ಶೇಕಡ ಕೂಡುತ್ತವೆ. ಅದರ ಮೇಲೆ ಏಜೆನ್ಸಿಯ ಸೇವಾ ಶುಲ್ಕ 8 ಶೇಕಡ ಎಂದಿಟ್ಟುಕೊಂಡರೂ, ಕೊನೆಗೆ ಇಡೀ ಮೊತ್ತಕ್ಕೆ 18 ಶೇಕಡ ಜಿಎಸ್‌ಟಿ ಬೀಳುತ್ತದೆ. ಸಾವಿರ ರೂಪಾಯಿ 1,588 ಆಗುತ್ತದೆ. 24 ಜನಕ್ಕೆ ತಿಂಗಳಿಗೆ ಸುಮಾರು 38,100. ಮನೆಗೆ ಹಂಚಿದರೆ 318 ರೂಪಾಯಿ. ಆರುನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಮುಗಿಯಿತು.

ಬಿಲ್ಲಿನಲ್ಲಿ ಭವಿಷ್ಯನಿಧಿ, ಇಎಸ್‌ಐ ಎಂದು ಬರೆದ ಮಾತ್ರಕ್ಕೆ ಆ ಹಣ ಕಾವಲುಗಾರನ ಖಾತೆಗೆ ಸೇರಿದೆ ಎಂದಲ್ಲ. ಏಜೆನ್ಸಿ ಕಟ್ಟಿದ ಚಲನ್ ಮತ್ತು ಅದರ ಜತೆಗಿನ ನೌಕರರ ಪಟ್ಟಿಯನ್ನು ಪ್ರತಿ ತಿಂಗಳು ಕೇಳಿ ಪಡೆಯಬೇಕು. ಬಿಸಿಲಿನಲ್ಲಿ ಗೇಟು ತೆಗೆಯುವವರ ಹೆಸರಿನಲ್ಲಿ ಹಣ ಕೊಟ್ಟು, ಅದು ಅವರಿಗೆ ತಲುಪದಿದ್ದರೆ ಏರಿಕೆಗೆ ಅರ್ಥವೇ ಇಲ್ಲ.

ಉಳಿದರ್ಧ ಎಲ್ಲಿಯದು? ಬಣ್ಣದ್ದು. ಹೊರಗೋಡೆಗೆ ಬಣ್ಣ ಬಳಿಯಲು, ಸೋರುವ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಲು ಆರು ವರ್ಷಕ್ಕೊಮ್ಮೆ 24 ಲಕ್ಷ ಬೇಕು ಎಂದಾದರೆ, ತಿಂಗಳಿಗೆ 33,333 ರೂಪಾಯಿ ಎತ್ತಿಡಬೇಕು. ಮನೆಗೆ 278. ಸಿಂಕಿಂಗ್ ಫಂಡ್ ಎನ್ನುವುದು ಇದನ್ನೇ. ಎತ್ತಿಡದಿದ್ದರೆ ಆರನೆಯ ವರ್ಷ ಮನೆಮನೆಯಿಂದ 20,000 ರೂಪಾಯಿಯನ್ನು ಒಟ್ಟಿಗೆ ಕೇಳಬೇಕಾಗುತ್ತದೆ. ಆಗ ಮನೆ ಕೊಂಡು ಮೂರು ತಿಂಗಳಾದವರೂ ಪೂರ್ತಿ ಆರು ವರ್ಷದ ಸವಕಳಿಗೆ ಹಣ ತೆರುತ್ತಾರೆ.

ಬಹಳ ಸಮಿತಿಗಳು ಶುಲ್ಕ ಏರಿಸಿ ಬೈಸಿಕೊಳ್ಳುವುದು ಬೇಡವೆಂದು ತಿಂಗಳ ಕೊರತೆಯನ್ನು ಇದೇ ನಿಧಿಯಿಂದ ತುಂಬುತ್ತವೆ. ಕಂಡುಹಿಡಿಯುವುದು ಕಷ್ಟವಲ್ಲ. ಆಡಿಟ್ ಆದ ಲೆಕ್ಕಪತ್ರದಲ್ಲಿ ಸಿಂಕಿಂಗ್ ಫಂಡಿನ ಠೇವಣಿ ಹೋದ ವರ್ಷಕ್ಕಿಂತ ಕಡಿಮೆಯಾಗಿದ್ದು, ಆ ವರ್ಷ ದೊಡ್ಡ ದುರಸ್ತಿ ಯಾವುದೂ ನಡೆದಿಲ್ಲ ಎಂದರೆ ಹಣ ಸಂಬಳಕ್ಕೋ ಡೀಸೆಲ್ಲಿಗೋ ಹೋಗಿದೆ.

ಅದೇ ಹಾಳೆಯಲ್ಲಿ ನೋಡಬೇಕಾದ ಇನ್ನೊಂದು ಸಾಲು ಬಾಕಿಯದು. ನಮ್ಮ ಮಾದರಿಯಲ್ಲಿ ಹತ್ತು ಮನೆಯವರು ಶುಲ್ಕ ಕಟ್ಟದೇ ಕುಳಿತರೆ ತಿಂಗಳಿಗೆ 40,800 ರೂಪಾಯಿ ಖೋತಾ. ಇದು ಇಡೀ ಸಂಬಳ ಏರಿಕೆಗಿಂತ ಹೆಚ್ಚು! ಬಾಕಿ ವಸೂಲಿ ಮಾಡದೆ ದರ ಏರಿಸಿದರೆ, ಕಟ್ಟುವ 110 ಮನೆಯವರು ಕಟ್ಟದವರ ಪಾಲನ್ನೂ ಹೊರುತ್ತಾರೆ. ಸಭೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು.

ನೀರಿನ ಮಾತು ಬೇರೆ. ಬೆಂಗಳೂರು ಜಲಮಂಡಳಿ 2014ರ ನಂತರ ಮೊದಲ ಬಾರಿಗೆ 2025ರ ಏಪ್ರಿಲ್‌ನಲ್ಲಿ ದರ ಏರಿಸಿತು. ಆದರೆ ಜೇಬಿಗೆ ಹೆಚ್ಚು ಬಿಸಿ ಮುಟ್ಟಿಸುವುದು ಟ್ಯಾಂಕರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿದಾಗ ಜಿಲ್ಲಾಡಳಿತವೇ ಟ್ಯಾಂಕರ್ ದರ ನಿಗದಿ ಮಾಡಬೇಕಾಯಿತು: 12,000 ಲೀಟರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ, ಹತ್ತರವರೆಗೆ 1,200. ದಿನಕ್ಕೆ ಮೂರು ಟ್ಯಾಂಕರ್ ತರಿಸಿದರೆ ಆ ದರದಲ್ಲೂ ತಿಂಗಳಿಗೆ 1,08,000, ಮನೆಗೆ 900. ಇದನ್ನು ಚದರಡಿ ದರದೊಳಗೆ ಸೇರಿಸಿದರೆ ಎರಡು ತಪ್ಪಾಗುತ್ತದೆ. ಬೀಗ ಹಾಕಿದ ಮನೆಯೂ ಆರು ಜನರಿರುವ ಮನೆಯೂ ನೀರಿಗೆ ಒಂದೇ ಹಣ ಕೊಡುತ್ತವೆ. ಮಳೆ ಬಂದು ಟ್ಯಾಂಕರ್ ನಿಂತರೂ ಏರಿದ ದರ ಇಳಿಯುವುದಿಲ್ಲ. ಮನೆಗೊಂದು ಮೀಟರ್ ಹಾಕಿ ಬಳಕೆಗೆ ತಕ್ಕಂತೆ ಬಿಲ್ ಕೊಡುವುದು ಉತ್ತಮ. ಹಳೆಯ ಕಟ್ಟಡಗಳಲ್ಲಿ ಒಂದು ಮನೆಗೆ ನಾಲ್ಕೈದು ಕಡೆಯಿಂದ ಪೈಪು ಇಳಿದಿರುವುದರಿಂದ ಮೀಟರಿನ ಖರ್ಚೇ ಭಾರವಾಗುತ್ತದೆ. ಅಲ್ಲಿ ನೀರಿನ ಹಣವನ್ನು ಪ್ರತ್ಯೇಕ ಸಾಲಿನಲ್ಲಿ, ಯಾವ ತಿಂಗಳಿಗೆ ನಿಲ್ಲುತ್ತದೆಂದು ಬರೆದು ಕೇಳಬೇಕು.

ಇನ್ನು ದೊಡ್ಡ ಮನೆಗಳವರಿಗೆ ನೋಟಿಸಿನಲ್ಲಿ ಕಾಣದ ಒಂದು ಪೆಟ್ಟು ಇದೆ. ಅಸೋಸಿಯೇಷನ್ನಿನ ವಾರ್ಷಿಕ ವಹಿವಾಟು 20 ಲಕ್ಷ ಮೀರಿದ್ದು, ಒಂದು ಮನೆಯ ತಿಂಗಳ ಶುಲ್ಕ 7,500 ರೂಪಾಯಿ ದಾಟಿದರೆ 18 ಶೇಕಡ ಜಿಎಸ್‌ಟಿ ಅನ್ವಯಿಸುತ್ತದೆ. ಇದೇ ಸಮುಚ್ಚಯದಲ್ಲಿ 2,200 ಚದರಡಿಯ ಮನೆಯೊಂದಿದ್ದರೆ ಹಳೆಯ ದರದಲ್ಲಿ ಅದರ ಶುಲ್ಕ 7,480, ತೆರಿಗೆ ಇಲ್ಲ. ಹೊಸ ದರದಲ್ಲಿ 8,580. ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಂತೆ ಮಿತಿ ದಾಟಿದರೆ ಪೂರ್ತಿ ಮೊತ್ತಕ್ಕೆ ತೆರಿಗೆ. ಆಗ ಕಟ್ಟಬೇಕಾದ್ದು 10,124, ಏರಿಕೆ 2,644. ಮದ್ರಾಸ್ ಹೈಕೋರ್ಟ್ 2021ರಲ್ಲಿ 7,500ಕ್ಕಿಂತ ಮೇಲಿನ ಭಾಗಕ್ಕಷ್ಟೇ ತೆರಿಗೆ ಎಂದು ತೀರ್ಪು ಕೊಟ್ಟಿತು. ಹಾಗೆ ಎಣಿಸಿದರೆ 8,774 ಮಾತ್ರ. ತಮ್ಮ ಆಡಿಟರ್ ಯಾವ ದಾರಿ ಹಿಡಿದಿದ್ದಾರೆ ಎಂಬುದನ್ನು ಸಮಿತಿ ನೋಟಿಸಿನಲ್ಲೇ ಬರೆಯಬೇಕು. ತೆರಿಗೆ ವಸೂಲಿ ಮಾಡುವುದಾದರೆ ಬಿಲ್ಲಿನಲ್ಲಿ ಅದಕ್ಕೆ ಬೇರೆ ಸಾಲು ಇರಬೇಕು, ಅಸೋಸಿಯೇಷನ್ನಿನ ಜಿಎಸ್‌ಟಿ ನೋಂದಣಿ ಸಂಖ್ಯೆಯೂ ಇರಬೇಕು. ಸಂಖ್ಯೆ ಇಲ್ಲದ ಬಿಲ್ಲಿನಲ್ಲಿ ಜಿಎಸ್‌ಟಿ ಕೇಳಿದ್ದರೆ ನಿವಾಸಿಗಳು ಹಣ ಕಟ್ಟುವ ಮೊದಲು ಲಿಖಿತ ವಿವರಣೆ ಕೇಳಬಹುದು.