ಹಣ ಕಟ್ಟಿದ್ದು ಶನಿವಾರ, ಪಾಲಿಸಿ ಲ್ಯಾಪ್ಸ್ ಆಗಿದ್ದು ಭಾನುವಾರ

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಶಿವಮೊಗ್ಗದ ಶಿಕ್ಷಕಿಯೊಬ್ಬರ ಜೀವವಿಮೆಯ ವಾರ್ಷಿಕ ಕಂತು ₹24,680. ಕಟ್ಟಬೇಕಾದ ದಿನ ಜೂನ್ 12. ಶಾಲೆ ಶುರುವಾದ ಗಡಿಬಿಡಿಯಲ್ಲಿ ಅದು ಮರೆತೇ ಹೋಗಿ, ನೆನಪಾಗುವ ಹೊತ್ತಿಗೆ ಜುಲೈ 12, ಅಂದರೆ 30 ದಿನಗಳ ಗ್ರೇಸ್ ಅವಧಿಯ ಕೊನೆಯ ದಿನ. ಅದು ಎರಡನೇ ಶನಿವಾರ. ರಾತ್ರಿ 9.40ಕ್ಕೆ ಅವರು ಮೊಬೈಲಿನ ಯುಪಿಐ ಆ್ಯಪ್ ತೆರೆದು, ಪಾಲಿಸಿ ಸಂಖ್ಯೆ ಹಾಕಿ ಹಣ ಕಟ್ಟುತ್ತಾರೆ. ಖಾತೆಯಿಂದ ಹಣ ಹೋದ ಸಂದೇಶವೂ ಬರುತ್ತದೆ. ಭಾನುವಾರ ಬೆಳಿಗ್ಗೆ ವಿಮಾ ಕಂಪನಿಯ ಆ್ಯಪ್ ನೋಡಿದರೆ ಅಲ್ಲಿ ‘ಪಾಲಿಸಿ ಸ್ಥಿತಿ: ಲ್ಯಾಪ್ಸ್’ ಎಂದಿದೆ.

ಹಣ ಕಂಪನಿಯ ಕಡೆಗೆ ಹೋಗಿದೆ, ಆದರೆ ಪಾಲಿಸಿಯ ಲೆಕ್ಕಕ್ಕೆ ಇನ್ನೂ ಸೇರಿಲ್ಲ. ಇವೆರಡೂ ಬೇರೆ ಬೇರೆ ಕೆಲಸಗಳು. ನಡುವೆ ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ಅಂತರ ಇರಬಹುದು.

ಯುಪಿಐ ಆ್ಯಪಿನಲ್ಲಿ ಕಂತು ಕಟ್ಟುವಾಗ ಹಣ ಸಾಮಾನ್ಯವಾಗಿ ಭಾರತ್ ಬಿಲ್ ಪೇ ಎಂಬ ವ್ಯವಸ್ಥೆಯ ಮೂಲಕ ಹಾದುಹೋಗುತ್ತದೆ. ಕರೆಂಟ್ ಬಿಲ್ ಕಟ್ಟುವ ದಾರಿಯೂ ಇದೇ. ಆ್ಯಪ್‌ನಿಂದ ಮಧ್ಯವರ್ತಿ ಸಂಸ್ಥೆಗೆ, ಅಲ್ಲಿಂದ ವಿಮಾ ಕಂಪನಿಯ ಸಂಗ್ರಹ ಖಾತೆಗೆ ಹಣ ತಲುಪುತ್ತದೆ. ಬಳಿಕ ಆ ದಿನ ಬಂದ ಪಾವತಿಗಳ ಪಟ್ಟಿಯನ್ನು ಕಂಪನಿ ತನ್ನ ಬ್ಯಾಂಕ್ ಲೆಕ್ಕದೊಂದಿಗೆ ತಾಳೆ ನೋಡಿ, ಪ್ರತಿ ಮೊತ್ತವನ್ನೂ ಆಯಾ ಪಾಲಿಸಿಗೆ ಜಮಾ ಮಾಡುತ್ತದೆ. ಈ ಕೊನೆಯ ಹೆಜ್ಜೆ ಅನೇಕ ಕಡೆ ಕೆಲಸದ ದಿನಗಳಲ್ಲಿ ಮಾತ್ರ ನಡೆಯುತ್ತದೆ. ಇತ್ತ ಪಾಲಿಸಿಗಳ ಸ್ಥಿತಿ ಬದಲಿಸುವ ಕಂಪ್ಯೂಟರಿಗೆ ರಜೆಯೆಂಬುದಿಲ್ಲ. ಮಧ್ಯರಾತ್ರಿ ಕಳೆದ ಮೇಲೆ ಅದು ಪ್ರತಿ ಪಾಲಿಸಿಯ ‘ಮೊದಲ ಬಾಕಿ ಕಂತಿನ ದಿನಾಂಕ’ ನೋಡುತ್ತದೆ. ಆ ದಿನ ದಾಟಿದ್ದರೆ ‘ಗ್ರೇಸ್’, ಗ್ರೇಸ್ ಅವಧಿಯೂ ದಾಟಿದ್ದರೆ ‘ಲ್ಯಾಪ್ಸ್’ ಎಂದು ಬರೆಯುತ್ತದೆ. ಶಿಕ್ಷಕಿಯ ಹಣ ಸೋಮವಾರವೋ ಮಂಗಳವಾರವೋ ಜಮಾ ಆಗಬೇಕು. ಕಂಪ್ಯೂಟರು ಮಾತ್ರ ಶನಿವಾರ ರಾತ್ರಿಯೇ ತೀರ್ಪು ಕೊಟ್ಟಿದೆ.

ಅವರು ಜೂನ್ 12ರಂದೇ ರಾತ್ರಿ ಕಟ್ಟಿದ್ದರೂ ಮರುದಿನ ಬೆಳಿಗ್ಗೆ ‘ಗ್ರೇಸ್’ ಎಂದು ಕಾಣಿಸುವ ಸಾಧ್ಯತೆ ಇತ್ತು. ಕಾರಣ ಇದೇ. ಆದರೆ ಅದಕ್ಕೆ ಗಾಬರಿ ಬೇಕಿಲ್ಲ. ಜೀವವಿಮೆಯಲ್ಲಿ ಗ್ರೇಸ್ ಅವಧಿ ಮುಗಿಯುವ ತನಕ ರಕ್ಷಣೆ ಪೂರ್ತಿ ಇರುತ್ತದೆ. ತಿಂಗಳ ಕಂತಿಗೆ 15 ದಿನ, ಮೂರು ತಿಂಗಳು, ಆರು ತಿಂಗಳು, ವರ್ಷದ ಕಂತಿಗೆ 30 ದಿನ. ಈ ದಿನಗಳಲ್ಲಿ ಪಾಲಿಸಿದಾರರು ತೀರಿಕೊಂಡರೆ ಬಾಕಿ ಕಂತನ್ನು ಕಳೆದು ಉಳಿದ ಮೊತ್ತವನ್ನು ಕುಟುಂಬಕ್ಕೆ ಕೊಡಬೇಕು.

ಆರೋಗ್ಯ ವಿಮೆಯಲ್ಲಿ ಇದೇ ನಂಬಿಕೆ ಇಟ್ಟುಕೊಂಡರೆ ಪೆಟ್ಟು ಬೀಳುತ್ತದೆ. ವರ್ಷಕ್ಕೊಮ್ಮೆ ಕಟ್ಟುವ ಆರೋಗ್ಯ ಪಾಲಿಸಿಯನ್ನು 30 ದಿನಗಳೊಳಗೆ ನವೀಕರಿಸಿದರೆ ಹಳೆಯ ಕಾಯುವಿಕೆ ಅವಧಿಯ ಲಾಭ ಉಳಿಯುತ್ತದೆಯೇ ಹೊರತು, ಹಣ ಕಟ್ಟದೆ ಬಿಟ್ಟ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಆ ಖರ್ಚು ಸಿಗುವುದಿಲ್ಲ. ವಾಹನ ವಿಮೆಯಲ್ಲಂತೂ ಅವಧಿ ಮುಗಿದ ಮೇಲೆ ರಕ್ಷಣೆ ಇರುವ ಗ್ರೇಸ್ ದಿನಗಳೇ ಇಲ್ಲ.

ಮತ್ತೆ ಶಿಕ್ಷಕಿಯ ವಿಷಯಕ್ಕೆ ಬರೋಣ. ಹೆಚ್ಚಿನ ಸಲ ಎರಡು ಮೂರು ಕೆಲಸದ ದಿನಗಳಲ್ಲಿ ಸ್ಥಿತಿ ತಾನಾಗಿಯೇ ಸರಿಹೋಗುತ್ತದೆ. ಸರಿಹೋಗದಿದ್ದರೆ ಮೊದಲು ನೋಡಬೇಕಾದದ್ದು ಯುಪಿಐ ಆ್ಯಪಿನಲ್ಲಿ ಪಾವತಿ ‘ಯಶಸ್ವಿ’ ಎಂದಿದೆಯೋ, ‘ಪೆಂಡಿಂಗ್’ ಎಂದಿದೆಯೋ ಎಂಬುದನ್ನು. ಪೆಂಡಿಂಗ್ ಆಗಿದ್ದರೆ ಹಣ ದಾರಿಯಲ್ಲೇ ಸಿಕ್ಕಿಕೊಂಡಿದೆ, ಕಂತು ಕಟ್ಟಿದಂತಾಗಿಲ್ಲ. ಖಾತೆಯಿಂದ ಹೋದ ಹಣ ಅಂಗಡಿಗೋ ಸಂಸ್ಥೆಗೋ ತಲುಪದಿದ್ದರೆ 5 ದಿನಗಳೊಳಗೆ ಅದು ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲಿ ನಿಯಮ ಮಾಡಿದೆ. ಆದರೆ ಹಣ ಮರಳಿ ಬಂದ ಮಾತ್ರಕ್ಕೆ ಪಾಲಿಸಿ ಬದುಕುವುದಿಲ್ಲ. ಕೊನೆಯ ದಿನ ಪೆಂಡಿಂಗ್ ಎಂದು ಬಂದರೆ ಮಧ್ಯರಾತ್ರಿಯೊಳಗೆ ಕಂಪನಿಯ ಸ್ವಂತ ಜಾಲತಾಣದಲ್ಲಿ ಇನ್ನೊಮ್ಮೆ ಕಟ್ಟಿ ರಸೀದಿ ಪಡೆಯುವುದೇ ಕ್ಷೇಮ. ಸಿಕ್ಕಿಕೊಂಡ ಹಣದ ಹಿಂದೆ ಆಮೇಲೆ ಓಡಾಡಬಹುದು.

ಚೆಕ್ ಕೊಟ್ಟವರದು ಬೇರೆಯೇ ಕಥೆ. ಕೌಂಟರಿನಲ್ಲಿ ಸಿಗುವ ರಸೀದಿ ಚೆಕ್ ಪಾಸಾದರೆ ಮಾತ್ರ ಊರ್ಜಿತ. ಸಹಿ ಹೊಂದದೆಯೋ ಹಣ ಸಾಲದೆಯೋ ಚೆಕ್ ಹಿಂದಿರುಗಿದರೆ ಕೈಯಲ್ಲಿ ರಸೀದಿ ಇದ್ದೂ ಕಂತು ಬಾಕಿಯೇ.

ಏಜೆಂಟರ ಕೈಗೆ ಹಣ ಕೊಟ್ಟು ನಿಶ್ಚಿಂತರಾಗುವವರು ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಮಾನಿಸಿದ ಒಂದು ಪ್ರಕರಣ ತಿಳಿದಿರಬೇಕು. ಎಲ್‌ಐಸಿಯ ನಾಲ್ಕು ಪಾಲಿಸಿ ಇದ್ದ ವ್ಯಕ್ತಿಯೊಬ್ಬರು 1987ರಲ್ಲಿ ಅರ್ಧವಾರ್ಷಿಕ ಕಂತನ್ನು ಗ್ರೇಸ್ ಅವಧಿಯಲ್ಲಿ ಕಟ್ಟಿರಲಿಲ್ಲ. ಏಜೆಂಟರು ಬಂದು ಬೇರರ್ ಚೆಕ್ ಪಡೆದರು, ನಗದೂ ಮಾಡಿಕೊಂಡರು. ಆದರೆ ಹಣ ಕಚೇರಿಗೆ ತಲುಪಲಿಲ್ಲ. ಆಗಸ್ಟ್‌ನಲ್ಲಿ ಪಾಲಿಸಿದಾರರು ಅಪಘಾತದಲ್ಲಿ ತೀರಿಕೊಂಡರು. ಹಣ ಎಲ್‌ಐಸಿಗೆ ಜಮಾ ಆದದ್ದು ಅದರ ಮರುದಿನ. ಕಂತು ವಸೂಲಿ ಮಾಡುವ ಅಧಿಕಾರ ಆ ಏಜೆಂಟರಿಗೆ ಇರಲಿಲ್ಲ, ಆದ್ದರಿಂದ ಅವರಿಗೆ ಕೊಟ್ಟದ್ದು ನಿಗಮಕ್ಕೆ ಕೊಟ್ಟಂತಲ್ಲ ಎಂದು ನ್ಯಾಯಾಲಯ ಹೇಳಿತು. ಪಾಲಿಸಿಗಳು ಲ್ಯಾಪ್ಸ್ ಆಗಿಯೇ ಉಳಿದವು.

ಶಿಕ್ಷಕಿಯ ಪಾವತಿ ‘ಯಶಸ್ವಿ’ ಎಂದೇ ಇದೆ ಅನ್ನಿ. ವಾರ ಕಳೆದರೂ ಪಾಲಿಸಿ ಲ್ಯಾಪ್ಸ್ ಎಂದೇ ತೋರಿಸುತ್ತಿದೆ. ಶಾಖೆಗೆ ಹೋದರೆ, ‘ಮೇಡಂ, ಒಂದು ರಿವೈವಲ್ ಫಾರ್ಮ್ ತುಂಬಿಕೊಡಿ, ಆರೋಗ್ಯದ ಘೋಷಣೆಗೆ ಸಹಿ ಮಾಡಿ, ಸರಿಯಾಗುತ್ತೆ’ ಎನ್ನಬಹುದು. ಹೇಳುವವರಿಗೆ ಅದು ಸುಲಭದ ದಾರಿ. ಪಾಲಿಸಿದಾರರಿಗೆ ಮಾತ್ರ ದುಬಾರಿ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷ ದಾಟಿದ ಪಾಲಿಸಿಯನ್ನು ಯಾವ ಕಾರಣಕ್ಕೂ ಕಂಪನಿ ಪ್ರಶ್ನಿಸುವಂತಿಲ್ಲ. ಆದರೆ ಆ ಮೂರು ವರ್ಷ ರಿವೈವಲ್ ಆದ ದಿನದಿಂದ ಹೊಸದಾಗಿ ಎಣಿಕೆಯಾಗುತ್ತದೆ. ಹತ್ತು ವರ್ಷ ತಪ್ಪದೆ ಕಟ್ಟಿದವರೂ, ಈ ನಡುವೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಬಂದವರಾದರೆ, ಮತ್ತೆ ತಪಾಸಣೆಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಗ್ರೇಸ್ ಅವಧಿಯೊಳಗೆ ಹಣ ಕಂಪನಿಗೆ ಸಂದಿದ್ದರೆ ಅದು ರಿವೈವಲ್ ಪ್ರಶ್ನೆಯೇ ಅಲ್ಲ, ಕಂಪನಿಯ ಲೆಕ್ಕ ತಿದ್ದುವ ಪ್ರಶ್ನೆ. ‘ಜುಲೈ 12ರಂದು ಪಾವತಿಯಾಗಿದೆ, ಅದೇ ದಿನಾಂಕಕ್ಕೆ ಜಮಾ ಮಾಡಿ’ ಎಂದು ಬರವಣಿಗೆಯಲ್ಲಿ ಕೇಳಬೇಕು. ಜೊತೆಗೆ ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ, ಅಂದಿನ ಬ್ಯಾಂಕ್ ಸ್ಟೇಟ್‌ಮೆಂಟ್, ಆ್ಯಪಿನಲ್ಲಿ ಬಂದ ರಸೀದಿ ಇರಲಿ. ರಸೀದಿಯಲ್ಲಿ ಪಾಲಿಸಿ ಸಂಖ್ಯೆಯ ಒಂದೊಂದು ಅಂಕಿಯನ್ನೂ ನೋಡಿ. ಒಂದು ಅಂಕಿ ತಪ್ಪಿದ್ದರೆ ಹಣ ಬೇರೆ ಪಾಲಿಸಿಗೆ ಹೋಗಿರಬಹುದು, ಇಲ್ಲವೇ ಯಾರ ಹೆಸರಿಗೂ ಸೇರದೆ ಸಸ್ಪೆನ್ಸ್ ಖಾತೆಯಲ್ಲಿ ಕುಳಿತಿರಬಹುದು.

ಕಂಪನಿ ಒಪ್ಪದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು. ಕಂಪನಿ ದೂರು ತಳ್ಳಿಹಾಕಿದರೆ ಅಥವಾ ಒಂದು ತಿಂಗಳು ಉತ್ತರಿಸದಿದ್ದರೆ ಕರ್ನಾಟಕದವರು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ದೂರು ಮಾತ್ರ ಒಂದು ವರ್ಷದೊಳಗೆ ತಲುಪಿರಬೇಕು.